ಪಗಾರ, ಕಾಯಂ, ನೋಟಿಸು: ಛಾಯಾಚಿತ್ರವಾಗಿ ಬಂದ ಒಂದು ಉದ್ಯೋಗ ಪ್ರಸ್ತಾವ ಪತ್ರದ ಕನ್ನಡಾನುವಾದ

ಸಾರಾಂಶ: ಹುಬ್ಬಳ್ಳಿಯ ಕಾಲೇಜೊಂದರಲ್ಲಿ ವಾಣಿಜ್ಯ ಪದವಿ ಮುಗಿಸಿದ ವಿದ್ಯಾರ್ಥಿನಿಗೆ ಬಂದ ಇಂಗ್ಲಿಷ್ ಉದ್ಯೋಗ ಪ್ರಸ್ತಾವ ಪತ್ರವನ್ನು ಅವಳ ತಂದೆತಾಯಿಗಾಗಿ ನಾವು ಕನ್ನಡಕ್ಕೆ ತಂದಿದ್ದೆವು. ಆ ಅನುವಾದದ ದೋಷಗಳನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ. ಪ್ರೊಬೇಷನ್, ನೋಟಿಸು ಅವಧಿ, ವೇತನ ವಿವರ ಎಂಬ ಮೂರು ಭಾಗಗಳಲ್ಲಿಯೂ ದೋಷದ ಮೂಲ ಪದಕೋಶದಲ್ಲಿರಲಿಲ್ಲ. ಕರ್ತೃವಿನ ಲೋಪ, ಕ್ರಿಯಾರೂಪದ ಆಯ್ಕೆ ಮತ್ತು ಛಾಯಾಚಿತ್ರದಲ್ಲಿ ಬಿಟ್ಟುಹೋದದ್ದನ್ನು ಸದ್ದಿಲ್ಲದೆ ತುಂಬಿದ ನಮ್ಮ ಅಭ್ಯಾಸದಲ್ಲಿ ಅದು ಇತ್ತು ಎಂಬುದು ನಮ್ಮ ವಾದ.

1. ಪಠ್ಯ ಮತ್ತು ಸಂದರ್ಭ

ಪತ್ರವು ಬೆಂಗಳೂರಿನ ಒಂದು ಖಾಸಗಿ ಕಂಪನಿಯದು. ನಮ್ಮ ಕೈಗೆ ಬಂದದ್ದು ಕಾಗದವಲ್ಲ, ಮೊಬೈಲಿನಲ್ಲಿ ತೆಗೆದ ಮೂರು ಛಾಯಾಚಿತ್ರಗಳು. ಪದವೀಧರೆಯ ಪೋಷಕರು ಕಲಘಟಗಿ ತಾಲ್ಲೂಕಿನ ಕೃಷಿಕರು, ಕನ್ನಡವನ್ನು ಸರಾಗವಾಗಿ ಓದಬಲ್ಲವರು. ಪತ್ರಕ್ಕೆ ಐದು ದಿನಗಳೊಳಗೆ ಸಹಿ ಹಾಕಿ ಮರಳಿಸಬೇಕಿತ್ತು. ಆ ಐದು ದಿನಗಳಲ್ಲಿ ಕುಟುಂಬ ತೀರ್ಮಾನಿಸಬೇಕಿದ್ದ ಸಂಗತಿಗಳು ಎರಡು. ಬೆಂಗಳೂರಿನಲ್ಲಿ ಬಾಡಿಗೆ ಕೊಟ್ಟು ಇರಲು ಪಗಾರ ಸಾಕಾಗುತ್ತದೆಯೇ ಎಂಬುದು ಮೊದಲನೆಯದು. ಮಗಳು ಆಗಲೇ ಬರೆದಿದ್ದ ಬ್ಯಾಂಕ್ ನೇಮಕಾತಿ ಪರೀಕ್ಷೆಯಲ್ಲಿ ಆಯ್ಕೆಯಾದರೆ ಈ ಕೆಲಸವನ್ನು ಬೇಗ ಬಿಡಲು ಸಾಧ್ಯವೇ ಎಂಬುದು ಎರಡನೆಯದು. ಖಾಸಗಿತನದ ಕಾರಣ ಪತ್ರದ ಅಂಕಿಗಳನ್ನು ಇಲ್ಲಿ ಬದಲಿಸಿದ್ದೇವೆ. ಷರತ್ತುಗಳ ರಚನೆಯನ್ನು ಹಾಗೆಯೇ ಉಳಿಸಿದ್ದೇವೆ.

ಕ್ರಿಸ್ಟಿಯಾನೆ ನಾರ್ಡ್ ಅವರು ಮೂಲಪಠ್ಯವನ್ನು ತೋರಿಸಿಕೊಡುವ ದಾಖಲಾತ್ಮಕ ಅನುವಾದವನ್ನೂ ತಾನೇ ಒಂದು ಸ್ವತಂತ್ರ ಪಠ್ಯವಾಗಿ ಕೆಲಸ ಮಾಡುವ ಸಾಧನಾತ್ಮಕ ಅನುವಾದವನ್ನೂ ಬೇರ್ಪಡಿಸುತ್ತಾರೆ. ಉದ್ಯೋಗ ಪತ್ರದ ಅನುವಾದ ಈ ವಿಭಜನೆಗೆ ಸುಲಭವಾಗಿ ಒಗ್ಗುವುದಿಲ್ಲ. ಸಹಿ ಬೀಳುವುದು ಇಂಗ್ಲಿಷ್ ಪತ್ರಕ್ಕೆ, ಬದ್ಧಗೊಳಿಸುವುದೂ ಅದೇ. ಆದ್ದರಿಂದ ಕನ್ನಡದ್ದು ದಾಖಲೆಯ ಪ್ರತಿಬಿಂಬ ಮಾತ್ರ. ಆದರೆ ಓದುಗರು ನಿರ್ಧಾರ ಕೈಗೊಳ್ಳುವುದು ಕನ್ನಡವನ್ನು ನೋಡಿ. ನಮ್ಮ ಮೊದಲ ಅನುವಾದ ಈ ಎರಡರಲ್ಲಿ ಯಾವುದೂ ಆಗಿರಲಿಲ್ಲ. ಅದು ಸರ್ಕಾರಿ ಕಚೇರಿಯ ಪತ್ರದಂತೆ ಓದಿಸಿಕೊಳ್ಳುವ, ಅದೇ ಕಾರಣಕ್ಕೆ ನಂಬಿಕೆ ಹುಟ್ಟಿಸುವ ಪಠ್ಯವಾಗಿತ್ತು.

2. ಪ್ರೊಬೇಷನ್: ಷರತ್ತು ಭರವಸೆಯಾದ ಬಗೆ

ಮೂಲದ ಐದನೆಯ ಷರತ್ತು ಮೂರು ಮಾತುಗಳನ್ನು ಹೇಳುತ್ತದೆ. ಸೇರಿದ ದಿನದಿಂದ ಆರು ತಿಂಗಳು ಪ್ರೊಬೇಷನ್; ಕಂಪನಿ ತನ್ನ ವಿವೇಚನೆಯಂತೆ ಅದನ್ನು ವಿಸ್ತರಿಸಬಹುದು; ಲಿಖಿತವಾಗಿ ಕಾಯಂಗೊಳಿಸದ ಹೊರತು ಮತ್ತು ಕಾಯಂಗೊಳಿಸುವವರೆಗೆ ನೌಕರರು ಪ್ರೊಬೇಷನ್‌ನಲ್ಲಿಯೇ ಮುಂದುವರಿಯುತ್ತಾರೆ. ನಮ್ಮ ಮೊದಲ ಅನುವಾದದ ವಾಕ್ಯ ಹೀಗಿತ್ತು: "ಆರು ತಿಂಗಳ ಪರೀಕ್ಷಾರ್ಥ ಅವಧಿಯ ನಂತರ ತಮ್ಮ ನೌಕರಿಯನ್ನು ಲಿಖಿತವಾಗಿ ದೃಢೀಕರಿಸಲಾಗುವುದು, ಅವಶ್ಯವಿದ್ದಲ್ಲಿ ಅವಧಿಯನ್ನು ವಿಸ್ತರಿಸಲಾಗುವುದು."

ಮೊದಲ ತೊಡಕು ಪದದ್ದು. ಅನುವಾದವನ್ನು ಓದಿದ ತಾಯಿ ಕೇಳಿದ್ದು, "ಇನ್ನೊಂದು ಪರೀಕ್ಷಾ ಐತೇನ್ರಿ?" ಎಂದು. ಪರೀಕ್ಷಾರ್ಥ ಎಂಬುದನ್ನು ಸಂಯೋಜಿಸಿದವರ ಮನಸ್ಸಿನಲ್ಲಿ ಪರೀಕ್ಷಿಸಿ ನೋಡುವ ಅರ್ಥವಿದೆ. ಆದರೆ ಇತ್ತೀಚೆಗಷ್ಟೇ ಪದವಿ ಮುಗಿಸಿದವಳ ಮನೆಯಲ್ಲಿ ಪರೀಕ್ಷೆ ಎಂದರೆ ಪ್ರಶ್ನೆಪತ್ರಿಕೆಯೇ. ಈ ಅರ್ಥವನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಏಕೆಂದರೆ ತರಬೇತಿಯ ಕೊನೆಗೆ ನಿಜವಾಗಿಯೂ ಪರೀಕ್ಷೆ ಇಟ್ಟು, ಅದರಲ್ಲಿ ತೇರ್ಗಡೆಯಾಗದವರನ್ನು ಕೈಬಿಡುವ ಕರಾರುಗಳೂ ಇವೆ. 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್‌ನ ಮೈಸೂರು ಆವರಣದಲ್ಲಿ ಆಂತರಿಕ ಮೌಲ್ಯಮಾಪನದಲ್ಲಿ ಉತ್ತೀರ್ಣರಾಗದ ನೂರಾರು ತರಬೇತಿನಿರತರು ಕೆಲಸ ಕಳೆದುಕೊಂಡಾಗ, ಮೂರು ಅವಕಾಶಗಳ ಈ ಷರತ್ತು ಕರಾರಿನಲ್ಲಿಯೇ ಇತ್ತೆಂದು ಕಂಪನಿ ತಿಳಿಸಿತ್ತು. ಪರೀಕ್ಷೆ ಇರುವ ಕರಾರನ್ನೂ ಇಲ್ಲದ ಕರಾರನ್ನೂ ಒಂದೇ ಪದದಿಂದ ಕರೆದರೆ ಓದುಗರಿಗೆ ಅತ್ಯಗತ್ಯವಾದ ವ್ಯತ್ಯಾಸವೇ ಅಳಿಸಿಹೋಗುತ್ತದೆ. ನಮ್ಮ ಪತ್ರದಲ್ಲಿ ಪರೀಕ್ಷೆ ಇರಲಿಲ್ಲ.

ಇದಕ್ಕಿಂತ ಗಂಭೀರವಾದದ್ದು ದೃಢೀಕರಿಸು ಎಂಬ ಕ್ರಿಯಾಪದ. ಇಂದಿನ ಬಳಕೆಯಲ್ಲಿ ಇದು ಪ್ರಧಾನವಾಗಿ ಸರಿಯೆಂದು ತಾಳೆ ನೋಡಿ ಹೇಳುವುದು. ದೃಢೀಕೃತ ಪ್ರತಿ, ದೃಢೀಕರಣ ಪತ್ರ ಎಂಬಲ್ಲೆಲ್ಲ ಇರುವುದು ಈಗಾಗಲೇ ಇರುವ ಸಂಗತಿಯ ಸಮರ್ಥನೆ. ಪತ್ರದಲ್ಲಿ ಕಾಯಂಗೊಳಿಸುವಿಕೆ ಅಂಥ ಸಮರ್ಥನೆಯಲ್ಲ. ಆಸ್ಟಿನ್ ವಿವರಿಸಿದ ಕಾರ್ಯಸಾಧಕ ಉಕ್ತಿಗಳ ಸಾಲಿಗೆ ಅದು ಸೇರುತ್ತದೆ: ಕಂಪನಿ ಬರೆದುಕೊಟ್ಟಾಗಲೇ ನೌಕರರ ಸ್ಥಾನ ಬದಲಾಗುತ್ತದೆ, ಅದಕ್ಕೆ ಮೊದಲು ಅಲ್ಲ. ಧಾರವಾಡದ ಆಡುಮಾತಿನಲ್ಲಿ ಈ ಅರ್ಥಕ್ಕೆ ಸಿದ್ಧವಾದ ಪದವಿದೆ, "ಕಾಯಂ ಮಾಡು". ಮರಾಠಿಯ ನೆರೆಯಲ್ಲಿ, ಮುಂಬಯಿ ಪ್ರಾಂತದ ಆಡಳಿತದಡಿ ಪಗಾರದಂತೆಯೇ ಇಲ್ಲಿ ಬೇರೂರಿದ ಪದ ಅದು. ಸರ್ಕಾರಿ ಕನ್ನಡವೂ ಖಾಯಂಪೂರ್ವ ಸೇವಾವಧಿ ಎಂದು ಬರೆಯುವಾಗ ಇದೇ ಪದವನ್ನು ಆಶ್ರಯಿಸಿದೆ. ಶಿಷ್ಟವೆಂಬ ಭ್ರಮೆಯಿಂದ ನಾವು ಅದನ್ನು ಬಿಟ್ಟಿದ್ದೆವು.

ಮೂರನೆಯ ದೋಷ ಕ್ರಿಯಾರೂಪದ್ದು. ಮೂಲವಾಕ್ಯ ನಿಷೇಧಾತ್ಮಕ ಷರತ್ತು. ನಾವು ಅದನ್ನು "ದೃಢೀಕರಿಸಲಾಗುವುದು" ಎಂದು ಕರ್ಮಣಿ ಭವಿಷ್ಯದಲ್ಲಿ ಹೇಳಿದೆವು. ಕನ್ನಡದ ಕಚೇರಿ ಗದ್ಯದಲ್ಲಿ -ಲಾಗುವುದು ಎಂಬ ರೂಪ ಸಂಸ್ಥೆಯ ಘೋಷಣೆಯ ಧ್ವನಿ. ಅರ್ಜಿ ಆಹ್ವಾನಿಸಲಾಗುವುದು, ಪಟ್ಟಿ ಪ್ರಕಟಿಸಲಾಗುವುದು ಎಂಬಂತೆ. ಅದನ್ನು ಓದುವವರು ಭರವಸೆಯೆಂದೇ ತಿಳಿಯುತ್ತಾರೆ. ಹೀಗೆ ಆರು ತಿಂಗಳು ದಾಟಿದರೆ ತಾನಾಗಿ ಕಾಯಂ ಎಂಬ ಅರ್ಥ ಅನುವಾದದಲ್ಲಿ ಹುಟ್ಟಿಕೊಂಡಿತು.

ಈ ವ್ಯತ್ಯಾಸ ವ್ಯಾಕರಣದ ಚರ್ಚೆಗಷ್ಟೇ ಸೀಮಿತವಲ್ಲ, ಸೇವಾ ನ್ಯಾಯಶಾಸ್ತ್ರದಲ್ಲಿಯೂ ನಿರ್ಣಾಯಕವಾಗಿದೆ. ಪಂಜಾಬ್ ರಾಜ್ಯ ಮತ್ತು ಧರಂ ಸಿಂಗ್ ಪ್ರಕರಣದಲ್ಲಿ (1968) ಸುಪ್ರೀಂ ಕೋರ್ಟ್, ನಿಯಮವು ಪ್ರೊಬೇಷನ್‌ಗೆ ಗರಿಷ್ಠ ಮಿತಿ ಹಾಕಿ, ಅದರಾಚೆಗೆ ವಿಸ್ತರಣೆಯನ್ನು ನಿಷೇಧಿಸಿದ್ದಾಗ, ಮಿತಿ ದಾಟಿ ಕೆಲಸದಲ್ಲಿ ಮುಂದುವರಿದವರು ಕಾಯಂ ಆದರೆಂದು ಊಹಿಸಬಹುದೆಂದಿತು. ಕರ್ನಾಟಕದ 1977ರ ಸಿವಿಲ್ ಸೇವಾ ಪ್ರೊಬೇಷನ್ ನಿಯಮಗಳಾದರೋ ನಿರ್ದಿಷ್ಟ ಆದೇಶ ಹೊರಡದ ಹೊರತು ಅವಧಿ ತೃಪ್ತಿಕರವಾಗಿ ಮುಗಿಯಿತೆಂದು ಭಾವಿಸುವಂತಿಲ್ಲ, ಆದೇಶ ತಡವಾಯಿತೆಂಬ ಕಾರಣಕ್ಕೂ ಹಾಗೆ ಭಾವಿಸುವಂತಿಲ್ಲ ಎನ್ನುತ್ತವೆ. ಇವೆರಡೂ ಸರ್ಕಾರಿ ಸೇವೆಗೆ ಸಂಬಂಧಿಸಿದವು, ಖಾಸಗಿ ಕರಾರಿಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಫಲವು ವಾಕ್ಯದ ರಚನೆಯನ್ನೇ ಅವಲಂಬಿಸಿದೆ ಎಂಬುದನ್ನು ಸ್ಪಷ್ಟವಾಗಿ ತೋರಿಸುತ್ತವೆ. ಶಾಲಾ ಶಿಕ್ಷಕರಾದ ಪದವೀಧರೆಯ ಚಿಕ್ಕಪ್ಪ ನಮ್ಮ ಅನುವಾದವನ್ನು ನೋಡಿ ಕೇಳಿದ ಮೊದಲ ಪ್ರಶ್ನೆ "ಡಿಕ್ಲೇರ್ ಮಾಡೋರು ಯಾರು?" ಎಂಬುದಾಗಿತ್ತು. ನಾವು ಅಳಿಸಿಹಾಕಿದ್ದ ಕರ್ತೃವನ್ನೇ ಅವರು ಹುಡುಕುತ್ತಿದ್ದರು.

ತಿದ್ದಿದ ವಾಕ್ಯ ಹೀಗಿದೆ: "ಸೇರಿದ ದಿನದಿಂದ ಆರು ತಿಂಗಳು ತಮ್ಮದು ಪ್ರೊಬೇಷನ್, ಅಂದರೆ ಕಾಯಂ ಆಗುವ ಮೊದಲಿನ ಅವಧಿ. ಕಂಪನಿ ಬಯಸಿದರೆ ಇದನ್ನು ವಿಸ್ತರಿಸಬಹುದು. ಕಾಯಂ ಮಾಡಿದ್ದೇವೆಂದು ಕಂಪನಿ ಬರೆದುಕೊಡುವವರೆಗೆ, ಆರು ತಿಂಗಳು ಕಳೆದಿದ್ದರೂ, ತಾವು ಕಾಯಂ ನೌಕರರಲ್ಲ." ಮೂರು ವಾಕ್ಯಗಳಲ್ಲಿಯೂ ಕರ್ತೃ ಕಾಣಿಸುತ್ತಾನೆ, ಷರತ್ತು ಷರತ್ತಾಗಿಯೇ ಉಳಿಯುತ್ತದೆ.

3. ನೋಟಿಸು: ಹೆಬ್ಬೆರಳಿನ ಕೆಳಗೆ ಅಡಗಿದ ಷರತ್ತು

ಎರಡನೆಯ ಛಾಯಾಚಿತ್ರದಲ್ಲಿ 7.1ನೆಯ ಷರತ್ತು ಪೂರ್ಣವಾಗಿತ್ತು: ಪ್ರೊಬೇಷನ್‌ನಲ್ಲಿರುವಾಗ ಉಭಯ ಪಕ್ಷಗಳಿಗೂ 30 ದಿನ, ಕಾಯಂ ಆದ ಮೇಲೆ 90 ದಿನ. ಅದರ ಕೆಳಗೆ ಕಾಗದ ಹಿಡಿದವರ ಹೆಬ್ಬೆರಳು, ಮಸುಕಾಗಿ ಕಾಣುವ "ನೋಟಿಸಿನ ಬದಲಿಗೆ ವೇತನ" ಎಂಬರ್ಥದ ನಾಲ್ಕು ಪದಗಳು, ಬಳಿಕ ಪುಟದ ಅಂತ್ಯ. ಮೂರನೆಯ ಚಿತ್ರ 8ನೆಯ ಷರತ್ತಿನಿಂದ ಆರಂಭವಾಗುತ್ತಿತ್ತು. ಇಂಥ ಪತ್ರಗಳಲ್ಲಿ ಸಾಮಾನ್ಯವಾಗಿ ಏನಿರುತ್ತದೆಂದು ನಮಗೆ ತಿಳಿದಿತ್ತು. ಆ ತಿಳಿವಿನ ಬಲದಿಂದ ನಾವು ಬರೆದದ್ದು: "ನೋಟಿಸು ನೀಡಿ ಅಥವಾ ಅದರ ಬದಲಿಗೆ ವೇತನ ನೀಡಿ ಉದ್ಯೋಗವನ್ನು ಕೊನೆಗೊಳಿಸಬಹುದು."

ಈ ವಾಕ್ಯದಲ್ಲಿ ಕರ್ತೃವಿಲ್ಲ. ಕನ್ನಡದಲ್ಲಿ ಕರ್ತೃಲೋಪ ಸಹಜ, ಹಿಂದಿನ ವಾಕ್ಯದ ಕರ್ತೃವನ್ನು ಓದುಗರು ಮುಂದುವರಿಸಿಕೊಳ್ಳುತ್ತಾರೆ. ಹಿಂದಿನ ವಾಕ್ಯದಲ್ಲಿ "ಉಭಯ ಪಕ್ಷಗಳು" ಇದ್ದುದರಿಂದ ಮಗಳೂ ಹಣ ಕಟ್ಟಿ ತಕ್ಷಣ ಬಿಡಬಹುದು ಎಂದು ಕುಟುಂಬ ಅರ್ಥಮಾಡಿಕೊಂಡಿತು. -ಬಹುದು ಪ್ರತ್ಯಯ ಅನುಮತಿಯನ್ನೂ ಸಾಧ್ಯತೆಯನ್ನೂ ಏಕಕಾಲಕ್ಕೆ ಸೂಚಿಸುವುದರಿಂದ ಆ ಅರ್ಥಕ್ಕೆ ಅಡ್ಡಿಯೇ ಇರಲಿಲ್ಲ. ಬ್ಯಾಂಕಿನ ಆಯ್ಕೆಯ ನಿರೀಕ್ಷೆಯಲ್ಲಿದ್ದವರಿಗೆ ಇದಕ್ಕಿಂತ ಹಿತವಾದ ವಾಕ್ಯ ಬೇರೊಂದಿರಲಾರದು. ನಂತರ ತರಿಸಿಕೊಂಡ ನಾಲ್ಕನೆಯ ಚಿತ್ರದಲ್ಲಿ 7.2 ಹೀಗಿತ್ತು: ನೋಟಿಸಿನ ಬದಲಿಗೆ ವೇತನವನ್ನು ಸ್ವೀಕರಿಸುವುದು ಅಥವಾ ಪೂರ್ಣ ಅವಧಿ ಕೆಲಸ ಮಾಡಲು ಹೇಳುವುದು ಕೇವಲ ಕಂಪನಿಯ ವಿವೇಚನೆಗೆ ಸೇರಿದ್ದು. ಆಯ್ಕೆ ಇದ್ದದ್ದು ಒಂದೇ ಪಕ್ಷಕ್ಕೆ.

ಮೂಲ ಕಾಣದಿದ್ದಾಗ ಏನು ಮಾಡಬೇಕೆಂಬುದು ಧಾರವಾಡದಲ್ಲಿ ಹೊಸ ಪ್ರಶ್ನೆಯಲ್ಲ. 1939ರಲ್ಲಿ ಸ್ಥಾಪನೆಯಾದ ಇಲ್ಲಿನ ಕನ್ನಡ ಸಂಶೋಧನ ಸಂಸ್ಥೆ ಶಾಸನ ಸಂಪುಟಗಳನ್ನು ಪ್ರಕಟಿಸಿದೆ. ಶಾಸನ ಸಂಪಾದನೆಯ ಪದ್ಧತಿಯಲ್ಲಿ ಸಂದಿಗ್ಧ ಅಕ್ಷರ ಚೌಕಾವರಣದಲ್ಲಿ ಬರುತ್ತದೆ, ನಷ್ಟವಾದದ್ದು ಚುಕ್ಕೆಗಳಾಗಿ ಉಳಿಯುತ್ತದೆ. ಸಂಪಾದಕರಿಗೆ ನಷ್ಟಪಾಠ ಏನಿದ್ದೀತೆಂಬ ಊಹೆ ಎಷ್ಟೇ ಗಟ್ಟಿಯಾಗಿದ್ದರೂ ಅದನ್ನು ಊಹೆಯೆಂದೇ ಗುರುತಿಸುತ್ತಾರೆ. ಸಾವಿರ ವರ್ಷ ಹಳೆಯ ದಾನಶಾಸನಕ್ಕೆ ನಾವು ತೋರುವ ಈ ಎಚ್ಚರವನ್ನು ಐದು ದಿನಗಳಲ್ಲಿ ಸಹಿ ಬೀಳಬೇಕಾದ ಪತ್ರಕ್ಕೆ ತೋರಿರಲಿಲ್ಲ. ಇಂಥ ಚಿತ್ರಗಳಲ್ಲಿ ಲೋಪವನ್ನು ಪತ್ತೆಹಚ್ಚುವುದು ಕಷ್ಟವೂ ಅಲ್ಲ. ಅಡಿಯಲ್ಲಿರುವ ಪುಟಸಂಖ್ಯೆ ಒಟ್ಟು ನಾಲ್ಕು ಪುಟಗಳೆಂದು ಹೇಳುತ್ತಿತ್ತು, ಬಂದಿದ್ದ ಚಿತ್ರಗಳು ಮೂರು. ಷರತ್ತಿನ ಸಂಖ್ಯೆ 7.1ರಿಂದ 8ಕ್ಕೆ ಜಿಗಿದಿತ್ತು. 7.1 ಎಂಬ ಉಪಸಂಖ್ಯೆ ಇದ್ದ ಮೇಲೆ 7.2 ಇದ್ದೇ ಇರಬೇಕು. ಅನುವಾದಕ್ಕೆ ಮೊದಲು ಈ ಎಣಿಕೆ ಮಾಡಿದ್ದರೆ ಸಾಕಿತ್ತು.

ಐದನೆಯ ಮತ್ತು ಏಳನೆಯ ಷರತ್ತುಗಳನ್ನು ಕೂಡಿಸಿ ಓದಿದಾಗ ಇನ್ನೊಂದು ಸಂಗತಿ ಹೊರಬೀಳುತ್ತದೆ. ಏಳನೆಯ ತಿಂಗಳಿನಲ್ಲಿ ಕಾಯಂ ಪತ್ರ ಬಾರದಿದ್ದರೆ ಪದವೀಧರೆ ಪ್ರೊಬೇಷನ್‌ನಲ್ಲಿಯೇ ಇರುತ್ತಾಳೆ. ಹಾಗಿದ್ದರೆ ಪತ್ರದ ಮಾತಿನಂತೆ ಅವಳ ನೋಟಿಸು ಅವಧಿಯೂ 30 ದಿನವೇ, 90 ಅಲ್ಲ. ಕಾಯಂ ಆಗದಿರುವುದು ಅಭದ್ರತೆ ಹೌದು, ಆದರೆ ಬ್ಯಾಂಕಿನ ಕರೆಗಾಗಿ ಕಾಯುತ್ತಿರುವವಳಿಗೆ ಅದೇ ಬಿಡುಗಡೆಯ ಸುಲಭ ದಾರಿ. ಆರು ತಿಂಗಳಿಗೆ ತಾನಾಗಿ ಕಾಯಂ ಎಂದು ಸೂಚಿಸಿದ್ದ ನಮ್ಮ ಮೊದಲ ಅನುವಾದ ಈ ದಾರಿಯನ್ನೂ ಮರೆಮಾಡಿತ್ತು.

4. ವೇತನ ವಿವರ: ಯಾರ ನೆಲೆಯಿಂದ ಎಣಿಕೆ

ಅನುಬಂಧದ ತಲೆಬರಹದಲ್ಲಿ ಸಿಟಿಸಿ ವರ್ಷಕ್ಕೆ ರೂ. 3,60,000 ಎಂದಿತ್ತು. ನಾವು ಅದನ್ನು "ಒಟ್ಟು ವೇತನ" ಎಂದು ಅನುವಾದಿಸಿ, ತಿಂಗಳಿಗೆ 30,000 ಎಂದು ಸೇರಿಸಿದೆವು. ಭಾಗಾಕಾರ ಸರಿ, ನಾಮಪದ ತಪ್ಪು. ಸಿಟಿಸಿ ಎಂಬುದು ವೇತನದ ಹೆಸರಲ್ಲ, ಕಂಪನಿಗೆ ತಗಲುವ ವೆಚ್ಚದ ಹೆಸರು. ಭಾಷಾವಿಜ್ಞಾನದ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ಸೂಚಕಕೇಂದ್ರ ಕಂಪನಿಯಲ್ಲಿದೆ. ವೇತನ ಎಂದ ಕೂಡಲೇ ಅದು ಪಡೆಯುವವರ ಕಡೆಗೆ ಸರಿಯುತ್ತದೆ. ಅನುವಾದವನ್ನು ಓದಿದ ತಂದೆಯ ಮಾತು ಈ ಸರಿಯುವಿಕೆಯನ್ನು ಸರಿಯಾಗಿಯೇ ಗುರುತಿಸಿತ್ತು: "ಕೈಗೆ ಎಷ್ಟು ಬರ್ತೈತಿ, ಅದನ್ನ ಹೇಳ್ರಿ."

ಅನುಬಂಧದ ಚಿತ್ರದಲ್ಲಿ ಎಡ ಅಂಚಿನ ಉಪಶೀರ್ಷಿಕೆಗಳು ಚೌಕಟ್ಟಿನ ಹೊರಗೆ ಉಳಿದಿದ್ದವು. ಕಾಣುತ್ತಿದ್ದದ್ದು ಸಾಲುಗಳ ಹೆಸರು ಮತ್ತು ಮಾಸಿಕ ಮೊತ್ತ ಮಾತ್ರ. ಮೂಲ ವೇತನ 15,000. ಮನೆ ಬಾಡಿಗೆ ಭತ್ಯೆ 6,000. ವಿಶೇಷ ಭತ್ಯೆ 4,479. ಭವಿಷ್ಯ ನಿಧಿ 1,800. ಉಪದಾನ, ಅಂದರೆ ಗ್ರಾಚ್ಯುಟಿ, 721. ಕಾರ್ಯಸಾಧನೆ ಆಧಾರಿತ ವೇತನ 2,000. ಒಟ್ಟು 30,000.

ಭವಿಷ್ಯ ನಿಧಿ ಎಂಬ ಸಾಲು ಯಾರ ವಂತಿಗೆ? ನೌಕರರದ್ದೋ ಕಂಪನಿಯದ್ದೋ? ಶೀರ್ಷಿಕೆ ಕಾಣದಿದ್ದರೂ ಮೊತ್ತವೇ ಉತ್ತರಿಸುತ್ತದೆ. 1,800 ಎಂಬುದು 15,000ದ ಶೇಕಡ 12, ಎರಡೂ ಪಕ್ಷಗಳ ವಂತಿಗೆಯ ದರ ಅದೇ. ಆದರೆ ಈ ಸಾಲನ್ನು ಸೇರಿಸಿದಾಗಲೇ ಮೊತ್ತ 30,000 ಆಗುತ್ತದೆ. ಕಳೆಯಬೇಕಾದದ್ದಾಗಿದ್ದರೆ ಕೂಡಿಸುತ್ತಿರಲಿಲ್ಲ. ಹಾಗಾಗಿ ಇದು ಕಂಪನಿಯ ವಂತಿಗೆ, ನೌಕರರ ವಂತಿಗೆ ಇನ್ನೂ ಕಡಿತವಾಗಬೇಕಾಗಿದೆ. 721ರ ಲೆಕ್ಕವೂ ಹೀಗೆಯೇ ತೆರೆದುಕೊಳ್ಳುತ್ತದೆ. ವರ್ಷದ ಸೇವೆಗೆ 26ರಲ್ಲಿ 15 ಭಾಗದಷ್ಟು ತಿಂಗಳ ವೇತನ ಗ್ರಾಚ್ಯುಟಿಯೆಂಬ ಸೂತ್ರವನ್ನು 12 ತಿಂಗಳಿಗೆ ಹಂಚಿದರೆ ಮೂಲ ವೇತನದ ಶೇಕಡ 4.81, ಅಂದರೆ 721. ಕಾಯಂ ನೌಕರರಿಗೆ ಈ ಹಣ ಸಾಮಾನ್ಯವಾಗಿ ಐದು ವರ್ಷಗಳ ನಿರಂತರ ಸೇವೆಯ ಬಳಿಕವೇ ಸಲ್ಲುತ್ತದೆ. ಕಾರ್ಯಸಾಧನೆ ಆಧಾರಿತ 2,000ದ ಪಕ್ಕದಲ್ಲಿ ಒಂದು ನಕ್ಷತ್ರ ಚಿಹ್ನೆಯಿತ್ತು, ಅದರ ಅಡಿಟಿಪ್ಪಣಿ ಚಿತ್ರದಲ್ಲಿರಲಿಲ್ಲ. ನಾಲ್ಕನೆಯ ಚಿತ್ರದಿಂದ ತಿಳಿದದ್ದೆಂದರೆ ಅದು ವರ್ಷಕ್ಕೊಮ್ಮೆ, ಆ ದಿನ ಕೆಲಸದಲ್ಲಿರುವವರಿಗೆ ಮಾತ್ರ, ಮೌಲ್ಯಮಾಪನಕ್ಕೆ ಅನುಗುಣವಾಗಿ ಸಿಗುವಂಥದ್ದು.

ಹೀಗಾಗಿ ತಿಂಗಳಿಗೆ ನಿಜವಾಗಿ ಪಾವತಿಯಾಗುವುದು ಮೊದಲ ಮೂರು ಸಾಲುಗಳ ಮೊತ್ತ, 25,479. ಅದರಿಂದ ನೌಕರರ ಭವಿಷ್ಯ ನಿಧಿ ವಂತಿಗೆ 1,800 ಮತ್ತು ಕರ್ನಾಟಕದ ವೃತ್ತಿ ತೆರಿಗೆ 200 ಕಳೆದರೆ ಉಳಿಯುವುದು 23,479. ನಮ್ಮ ಮೊದಲ ಅನುವಾದದ 30,000ಕ್ಕೂ ಇದಕ್ಕೂ ಇರುವ ಅಂತರ 6,521. ಬಾಡಿಗೆಯ ಕೋಣೆಯನ್ನು ಗೊತ್ತುಮಾಡಿಕೊಳ್ಳುವ ಕುಟುಂಬಕ್ಕೆ ಈ ಅಂತರವೇ ನಿರ್ಣಾಯಕ. ತಿದ್ದಿದ ಅನುವಾದದಲ್ಲಿ ಸಾಲುಗಳ ಹೆಸರನ್ನು ಬದಲಿಸಿದ್ದಕ್ಕಿಂತ ವಿಭಕ್ತಿಗಳನ್ನು ಸೇರಿಸಿದ್ದೇ ಹೆಚ್ಚು. "ಭವಿಷ್ಯ ನಿಧಿ" ಎಂಬುದು "ಭವಿಷ್ಯ ನಿಧಿಗೆ ಕಂಪನಿಯ ವಂತಿಗೆ" ಆಯಿತು; "ಒಟ್ಟು ವೇತನ" ಎಂಬುದು "ತಮ್ಮ ಸಲುವಾಗಿ ಕಂಪನಿಗೆ ತಗಲುವ ಒಟ್ಟು ವೆಚ್ಚ" ಆಯಿತು. ಕೈಗೆ ಬರುವ ಮೊತ್ತ ಮೂಲದಲ್ಲಿಲ್ಲ. ಆದ್ದರಿಂದ ಅದನ್ನು ಅನುವಾದದೊಳಗೆ ಸೇರಿಸದೆ, ನಮ್ಮ ಲೆಕ್ಕವೆಂದು ಹೇಳಿ ಪ್ರತ್ಯೇಕ ಟಿಪ್ಪಣಿಯಲ್ಲಿ ಕೊಟ್ಟೆವು.

5. ಉಳಿಸಬೇಕಾದ ಸಂದಿಗ್ಧತೆ

ಎಲ್ಲ ಸಂದಿಗ್ಧತೆಯೂ ಅನುವಾದಕರ ದೋಷವಲ್ಲ. 7.2ರಲ್ಲಿ ನೋಟಿಸಿನ ಬದಲಿಗೆ ಕೊಡಬೇಕಾದದ್ದು ಬರಿಯ "ವೇತನ". ಅನುಬಂಧವಾದರೋ ಮೂಲ ವೇತನ, ಒಟ್ಟು ಮಾಸಿಕ ವೇತನ ಎಂಬ ಎರಡು ಪದಗಳನ್ನು ಬಳಸುತ್ತದೆ. ಕಾಯಂ ಆದ ಮೇಲೆ ಮೂರು ತಿಂಗಳಿಗೆ ಲೆಕ್ಕ ಹಾಕಿದರೆ ಮೊದಲನೆಯದರಂತೆ 45,000, ಎರಡನೆಯದರಂತೆ 76,437. ಇಲ್ಲಿ "ಮೂಲ ವೇತನ" ಎಂದು ಬರೆದರೆ ಸುಳ್ಳು ಸಮಾಧಾನ, "ಒಟ್ಟು ವೇತನ" ಎಂದು ಬರೆದರೆ ಆಧಾರವಿಲ್ಲದ ಭಯ. ಅನುವಾದಕರು ಬರೆಯಬೇಕಾದದ್ದು "ವೇತನ" ಎಂದಷ್ಟೇ. ಜೊತೆಗೆ ಮೂಲದಲ್ಲಿಯೇ ಇದು ಅಸ್ಪಷ್ಟವಾಗಿದೆ, ಸಹಿಗೆ ಮೊದಲು ಕಂಪನಿಯನ್ನು ಲಿಖಿತವಾಗಿ ಕೇಳಬೇಕು ಎಂಬ ಸೂಚನೆ ಇರಬೇಕು. ಹೆಬ್ಬೆರಳಿನ ಕೆಳಗಿನ ಲೋಪವೂ ಈ ಅಸ್ಪಷ್ಟತೆಯೂ ಓದುಗರಿಗೆ ಒಂದೇ ಬಗೆಯ ಮಸುಕಾಗಿ ತೋರಬಹುದು. ಮೊದಲನೆಯದಕ್ಕೆ ಬೇಕಾದದ್ದು ಇನ್ನೊಂದು ಛಾಯಾಚಿತ್ರ, ಎರಡನೆಯದಕ್ಕೆ ಇನ್ನೊಂದು ಪತ್ರ. ಇವುಗಳನ್ನು ಬೇರ್ಪಡಿಸಿ ತೋರಿಸುವುದು ಅನುವಾದದ ಕೆಲಸವೇ.

ಸರ್ಕಾರಿ ಕನ್ನಡದ ಶೈಲಿಯನ್ನು ಪೂರ್ತಿಯಾಗಿ ಕೈಬಿಡಬೇಕೆಂಬುದು ನಮ್ಮ ನಿಲುವಲ್ಲ. ವಂತಿಗೆ, ಭತ್ಯೆ, ವೃತ್ತಿ ತೆರಿಗೆ ಎಂಬ ಪದಗಳು ಅಲ್ಲಿಂದಲೇ ಬಂದು ಇಲ್ಲಿ ನಮಗೆ ನೆರವಾದವು. ಆ ಶೈಲಿಯ ಕರ್ಮಣಿ ಪ್ರಯೋಗ ಮಾತ್ರ ಕರಾರಿನ ಅನುವಾದಕ್ಕೆ ಹೊಂದುವುದಿಲ್ಲ. ಕರಾರಿನಲ್ಲಿ ಯಾರು ಯಾರಿಗೆ ಏನು ಮಾಡಬಹುದು ಎಂಬುದೇ ಅರ್ಥದ ತಿರುಳು, ಮತ್ತು ಕರ್ಮಣಿ ಮೊದಲು ಮರೆಮಾಡುವುದು ಆ "ಯಾರು" ಎಂಬುದನ್ನೇ.

ತಿದ್ದಿದ ಅನುವಾದ ಕುಟುಂಬದ ಕೈಸೇರಿದ್ದು ನಾಲ್ಕನೆಯ ದಿನ. 7.2ರ "ವೇತನ" ಯಾವುದೆಂದು ಪದವೀಧರೆ ಅದೇ ದಿನ ಮಿಂಚಂಚೆಯಲ್ಲಿ ಕಂಪನಿಯನ್ನು ಕೇಳಿದಳು. ಒಟ್ಟು ಮಾಸಿಕ ವೇತನ ಎಂಬ ಉತ್ತರ ಬಂದಿತು. ಆ ಉತ್ತರವನ್ನು ಮುದ್ರಿಸಿ ಪತ್ರದ ಜೊತೆಗಿಟ್ಟುಕೊಂಡು, ಐದನೆಯ ದಿನ ಸಹಿ ಹಾಕಿದಳು. ಒಬ್ಬಳೇ ಇರುವ ಕೋಣೆಯ ಬದಲಿಗೆ ಇಬ್ಬರು ಹಂಚಿಕೊಳ್ಳುವ ಕೋಣೆಯನ್ನು ತಂದೆ ಗೊತ್ತುಮಾಡಿದರು.